‘ಪ್ರೈಸ್?’ ಅಂತ ಕೇಳಿದವರಿಗೆ ನಾನು ಕಳಿಸುವ ಉತ್ತರ

ಮೈಸೂರಿನಲ್ಲಿ ಮದುಮಗಳಿಗೆ ಮೇಕಪ್ ಮಾಡುವುದು ನನ್ನ ಕೆಲಸ. ಇನ್‌ಸ್ಟಾಗ್ರಾಮ್‌ನಲ್ಲಿ ನನಗೆ ಬರುವ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಪದದವು. ‘ಪ್ರೈಸ್?’ ಅಷ್ಟೇ. ತಾರೀಖು ಇರುವುದಿಲ್ಲ, ಊರು ಇರುವುದಿಲ್ಲ. ಮೊದಲು ನಾನು ಒಂಬತ್ತು ಪ್ಯಾಕೇಜ್ ಇರುವ ರೇಟ್ ಕಾರ್ಡ್ ಫೋಟೋ ಕಳಿಸುತ್ತಿದ್ದೆ. ನೋಡಿ ಸುಮ್ಮನಾಗುತ್ತಿದ್ದರು. ಆಮೇಲೆ ‘ಕಾಲ್ ಮಾಡಿ, ಹೇಳ್ತೀನಿ’ ಅಂತ ಬರೆದೆ. ಅದಕ್ಕೆ ಯಾರೂ ಕಾಲ್ ಮಾಡಲಿಲ್ಲ. ಆಫೀಸಿನಲ್ಲಿ ಕೂತು ಮೆಸೇಜ್ ಹಾಕುವ ಹುಡುಗಿ ಎಲ್ಲರ ಎದುರು ಮದುವೆ ಮೇಕಪ್ ಬಗ್ಗೆ ಹೇಗೆ ಮಾತಾಡ್ತಾಳೆ, ಅಲ್ವಾ? ಕೊನೆಗೆ ವಾಯ್ಸ್ ಮೆಸೇಜ್ ಶುರು ಮಾಡಿದೆ.

ಟ್ರಯಲ್‌ಗೆ ಬಂದ ಒಬ್ಬಳು ಕನ್ನಡಿ ಮುಂದೆ ಕೂತು ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ‘ಅಕ್ಕ, ನಿಮ್ಮ ವಾಯ್ಸ್ ಮೆಸೇಜ್ ಅಮ್ಮನಿಗೆ ತೋರಿಸೋಕೆ ಆಗ್ಲಿಲ್ಲ. ನಾನೇ ಕೇಳಿ ಬರೆದುಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕ್ದೆ.’

ಬೆಲೆ ಕೇಳುವವಳು ಮದುಮಗಳು. ದುಡ್ಡು ಕೊಡುವವರು ಅಪ್ಪ ಅಮ್ಮ, ಒಪ್ಪಬೇಕಾದವರು ಅಕ್ಕನೋ ಚಿಕ್ಕಮ್ಮನೋ. ನನ್ನ ಉತ್ತರ ಸ್ಕ್ರೀನ್‌ಶಾಟ್ ಆಗಿ ಅವರ ಮನೆಗೆ ಹೋಗುತ್ತದೆ. ಹಾಗಾಗಿ ಅದನ್ನು ಒಂದೇ ಸ್ಕ್ರೀನ್‌ಶಾಟ್‌ನಲ್ಲಿ ಹಿಡಿಯುವಂತೆ, ನಾನು ಪಕ್ಕದಲ್ಲಿಲ್ಲದಿದ್ದರೂ ಅರ್ಥವಾಗುವಂತೆ ಬರೆಯಲು ಶುರು ಮಾಡಿದೆ:

‘ನಮಸ್ತೆ. ಮುಹೂರ್ತದ ಮೇಕಪ್ 12,000, ಆರತಕ್ಷತೆಗೆ 9,000, ಎರಡೂ ಸೇರಿ 19,000 ರೂಪಾಯಿ. ಇದರಲ್ಲಿ ಸೀರೆ ಉಡಿಸುವುದು, ತಲೆ ಕೂದಲು, ಮೊಗ್ಗಿನ ಜಡೆ ಎಲ್ಲ ಬಂತು. ಮೈಸೂರಿನಿಂದ ಹೊರಗಾದರೆ ಓಡಾಟಕ್ಕೆ 1,000 ಜಾಸ್ತಿ. ಮದುವೆ ಯಾವ ತಾರೀಖು? ಆ ದಿನ ಖಾಲಿ ಇದೆಯಾ ನೋಡಿ ಈಗಲೇ ಹೇಳ್ತೀನಿ.’

ಕೇಳಿದ್ದಕ್ಕೆ ಮೊದಲು ನೇರ ಉತ್ತರ. ಆಮೇಲೆ ಒಂದೇ ಒಂದು ಪ್ರಶ್ನೆ. ಹಾಲ್ ಎಲ್ಲಿ, ಸೀರೆ ಯಾವ ಬಣ್ಣ, ಚರ್ಮ ಹೇಗಿದೆ ಅಂತ ಒಟ್ಟಿಗೇ ಕೇಳಿದರೆ ‘ಆಮೇಲೆ ಹೇಳೋಣ’ ಅಂತ ಬಿಟ್ಟುಬಿಡ್ತಾರೆ. ತಾರೀಖು ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಇದನ್ನು ಸೇವ್ಡ್ ರಿಪ್ಲೈ ಆಗಿ ಇಟ್ಟುಕೊಂಡಿದ್ದೇನೆ. ನಾನು ಫಾಲೋ ಮಾಡದವರ ಮೆಸೇಜ್ ರಿಕ್ವೆಸ್ಟ್ಸ್‌ನಲ್ಲಿ ಬಿದ್ದಿರುತ್ತದೆ, ಅದನ್ನು ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ತೆರೆದು ನೋಡುತ್ತೇನೆ. ಆಷಾಢದಲ್ಲಂತೂ ತಪ್ಪಿಸುವುದೇ ಇಲ್ಲ. ಆಗ ಮದುವೆಗಳಿರುವುದಿಲ್ಲ, ಆದರೆ ಶ್ರಾವಣದ ಮದುವೆಯವರು ವಿಚಾರಿಸುವುದೇ ಆಗ.

ಕಳೆದ ಆಷಾಢದಲ್ಲಿ ಹೀಗೇ ಒಬ್ಬಳು ‘ಪ್ರೈಸ್ ಪ್ಲೀಸ್’ ಅಂದಳು. ಉತ್ತರ ಕಳಿಸಿದ ಹತ್ತು ನಿಮಿಷಕ್ಕೆ ತಾರೀಖು ಬಂತು. ಮದುವೆ ನಂಜನಗೂಡಿನಲ್ಲಿ, ಮುಹೂರ್ತ ಬೆಳಿಗ್ಗೆ 6:45ಕ್ಕೆ. ಆಗ ನಾನು ಬೆಲೆಯ ಮಾತು ಬಿಟ್ಟು ಸಮಯದ ಲೆಕ್ಕ ಕೊಟ್ಟೆ. ‘ನೀವು 6:15ಕ್ಕೆ ರೆಡಿ ಇರಬೇಕು. ಮೇಕಪ್, ಜಡೆ, ಸೀರೆ ಸೇರಿ ಎರಡು ಗಂಟೆ ಬೇಕು. ಹಾಗಾಗಿ ನಾನು 4 ಗಂಟೆಗೆ ನಿಮ್ಮ ರೂಮಿನಲ್ಲಿರ್ತೀನಿ.’ ಅವಳು ಬರೆದಳು, ‘ಅಯ್ಯೋ, ಬೇರೆ ಯಾರೂ ಈ ಲೆಕ್ಕ ಹೇಳಿರ್ಲಿಲ್ಲ!’

ರಾತ್ರಿ ‘ಅಮ್ಮ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಂತಿದ್ದಾರೆ’ ಅಂತ ಬಂತು. ನಾನು ಸುಮ್ನೆ ಬೆಲೆ ಇಳಿಸುವುದಿಲ್ಲ. ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ಬೆಲೆ ಅನಿಸಿಬಿಡುತ್ತದೆ. ಬದಲಿಗೆ ಕೆಲಸದಲ್ಲಿ ಒಂದನ್ನು ತೆಗೆಯುತ್ತೇನೆ. ‘ಮೊಗ್ಗಿನ ಜಡೆ ನಿಮ್ಮ ಹೂವಿನವರೇ ಕಟ್ಟಿಕೊಟ್ಟರೆ 2,000 ಕಡಿಮೆಯಾಗುತ್ತೆ’ ಅಂದೆ. ಅವರ ಮನೆಗೆ ವಾಡಿಕೆಯ ಹೂವಿನವರಿದ್ದರು. ಒಪ್ಪಿದರು.

‘ಟ್ರಯಲ್‌ಗೆ ಯಾವಾಗ ಬರ್ತೀರಿ?’ ಅಂತ ನಾನು ಕೇಳುವುದಿಲ್ಲ. ‘ಶನಿವಾರ 11ಕ್ಕೋ, ಭಾನುವಾರ 4ಕ್ಕೋ?’ ಅಂತ ಕೇಳುತ್ತೇನೆ. ಅವಳು ಭಾನುವಾರ ಅಂದಳು.

ಮದುವೆಯ ದಿನ ಹಿಡಿಯುವ ವಿಷಯದಲ್ಲಿ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ಒಬ್ಬರು ‘ಆಯ್ತು ಅಕ್ಕ, ನಿಮ್ಮನ್ನೇ ಕರೀತೀವಿ’ ಅಂದಿದ್ದಕ್ಕೆ ಮೂರು ವಾರ ಕಾದು, ಅದೇ ತಾರೀಖಿಗೆ ಕೇಳಿದ ಇಬ್ಬರಿಗೆ ಇಲ್ಲ ಅಂದೆ. ಕೊನೆಗೆ ಆ ಮೊದಲಿನವರು ಬೇರೆಯವರ ಹತ್ತಿರ ಮಾಡಿಸಿಕೊಂಡರು. ದಿನ ಖಾಲಿ ಹೋಯಿತು. ಈಗ ಕೇಳಿದ ತಾರೀಖನ್ನು ಎರಡು ದಿನ ಮಾತ್ರ ಹಿಡಿದಿಡುತ್ತೇನೆ. ಆ ಗಡುವನ್ನು ಗಂಟೆ ಸಮೇತ ಬರೆಯುತ್ತೇನೆ: ‘ಬುಧವಾರ ರಾತ್ರಿ 9ರವರೆಗೆ ಈ ದಿನ ನಿಮಗೇ.’ 5,000 ಅಡ್ವಾನ್ಸ್ ಬಂದ ಮೇಲೆಯೇ ಡೈರಿಯಲ್ಲಿ ಪೆನ್ನಿನಿಂದ ಬರೆಯುವುದು, ಅಲ್ಲಿಯವರೆಗೆ ಪೆನ್ಸಿಲ್. ಬುಧವಾರ ಸಂಜೆ ಒಂದೇ ಒಂದು ನೆನಪಿನ ಮೆಸೇಜ್ ಹಾಕುತ್ತೇನೆ. ಅದಕ್ಕೂ ಉತ್ತರ ಬರದಿದ್ದರೆ ‘ದಿನ ಬಿಟ್ಟುಕೊಡ್ತಿದ್ದೀನಿ, ಮದುವೆ ಚೆನ್ನಾಗಿ ಆಗಲಿ’ ಅಂತ ಕಳಿಸಿ, ಡೈರಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದನ್ನು ಅಳಿಸುತ್ತೇನೆ.

ನಂಜನಗೂಡಿನವರ ಅಡ್ವಾನ್ಸ್ ಮಂಗಳವಾರವೇ ಬಂತು. ಕೂಡಲೇ ಕೊನೆಯ ಮೆಸೇಜ್ ಕಳಿಸಿದೆ. ತಾರೀಖು, ಛತ್ರದ ಹೆಸರು, ನಾನು ಬರುವ ಹೊತ್ತು, ಜಡೆ ನಿಮ್ಮದು ಅನ್ನುವ ಮಾತು, ಎರಡೂ ಮೇಕಪ್, ಓಡಾಟ ಸೇರಿ ಜಡೆ ಕಳೆದು ಒಟ್ಟು 18,000, ಬಂದಿದ್ದು 5,000, ಬಾಕಿ 13,000. ಐದು ನಿಮಿಷಕ್ಕೆ ಅವಳ ಉತ್ತರ ಬಂತು: ‘ಅಮ್ಮನಿಗೆ ಕಳ್ಸಿದೀನಿ ಅಕ್ಕ. ಭಾನುವಾರ ಅವರೂ ಬರ್ತಾರಂತೆ.’