‘ಅಮ್ಮ ಕೇಳ್ತಾಳೆ’: ಭಕ್ತರ ಮಾತಿನಿಂದ ಥೀಮ್ ತೆಗೆಯುವುದು ಹೇಗೆ?

ಸಾಗರದ ಕಡೆ ಬಸ್ಸಿನಲ್ಲಿ ಹೋಗುವಾಗ ಅಡಿಕೆ ತೋಟದ ಬೇಲಿಗಳನ್ನು ನೋಡಿ. ‘ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಎಂಬ ಬೋರ್ಡು ಅಲ್ಲಲ್ಲಿ ಕಾಣುತ್ತದೆ. ಆ ಬೋರ್ಡು ಹಾಕಿದವರನ್ನು ಕಂಡು ಮಾತಾಡಿಸುವುದು ನನ್ನ ಪಿಎಚ್‌ಡಿ ಕೆಲಸದ ಒಂದು ಭಾಗವಾಗಿತ್ತು. ಮಾತಾಡಿಸುವುದು ಸುಲಭ. ಮಲೆನಾಡಿನವರು ಕಾಫಿ ಕೊಟ್ಟು ಕೂರಿಸಿ ಮಾತಾಡುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ, 14 ಸಂದರ್ಶನಗಳ ಬರಹ ಮೇಜಿನ ಮೇಲೆ ಕೂತಾಗ. ಅದರಿಂದ ಒಂದು ಅಧ್ಯಾಯ ಹುಟ್ಟಬೇಕಲ್ಲ, ಹೇಗೆ?

ಇದಕ್ಕೆ ಕೋಡಿಂಗ್ ಅನ್ನುತ್ತಾರೆ. ಕಂಪ್ಯೂಟರ್ ಕೋಡಿಂಗ್ ಅಲ್ಲ. ಮಾತಿನ ಒಂದೊಂದು ತುಣುಕಿಗೂ ಚಿಕ್ಕ ಹೆಸರು ಕೊಡುವುದು ಕೋಡ್. ಒಂದೇ ಅರ್ಥದ ಕಡೆ ಕೈ ತೋರಿಸುವ ಕೋಡ್‌ಗಳನ್ನು ಕೂಡಿಸಿದಾಗ ಸಿಗುವುದು ಥೀಮ್. ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಥೀಮ್ ವಿಶ್ಲೇಷಣೆಯ ಬಗ್ಗೆ ಬರೆದ ಲೇಖನದ ಆರು ಹಂತಗಳನ್ನೇ ನಮ್ಮಲ್ಲಿ ಹೆಚ್ಚಿನವರು ಹಿಡಿಯುತ್ತಾರೆ. ಆರನ್ನೂ ಇಲ್ಲಿ ಒಪ್ಪಿಸುವುದಿಲ್ಲ. ನಾನು ಎಡವಿದ ಜಾಗಗಳಲ್ಲಿ ಮಾತ್ರ ನಿಲ್ಲುತ್ತೇನೆ.

ಮೊದಲು ಬರಹ ಸರಿಯಿರಲಿ

ಒಂದು ಗಂಟೆಯ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಲು ನನಗೆ ಆರೇಳು ಗಂಟೆ ಹಿಡಿಯಿತು. ಆಡಿದ್ದು ಆಡಿದ ಹಾಗೇ ಇರಬೇಕು. ‘ಹೆದ್ರಿಕೆ ಐತೆ’ ಅಂದಿದ್ದನ್ನು ‘ಭಯವಿದೆ’ ಎಂದು ತಿದ್ದಬೇಡಿ. ತಡೆದು ನಿಂತದ್ದು, ನಕ್ಕದ್ದು ಕೂಡ ಆವರಣದಲ್ಲಿ ಬರಲಿ. ಪ್ರತಿ ಸಾಲಿಗೂ ನಂಬರ್ ಹಾಕಿ.

ಎರಡು ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದರೆ ಪರದೆಯ ಮೇಲೆ ಚೆನ್ನಾಗೇ ಕಾಣುತ್ತದೆ, ಆದರೆ Ctrl+F ಒತ್ತಿ ‘ಹರಕೆ’ ಹುಡುಕಿದರೆ ಒಂದೂ ಸಿಗುವುದಿಲ್ಲ. ಮೊದಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಇನ್ನೊಂದು, ಹೆಸರು ಬದಲಿಸಿದರೆ ಸಾಲದು. ನಮ್ಮ ಊರುಗಳಲ್ಲಿ ಹತ್ತೋ ಹದಿನೈದೋ ಮನೆ. ‘ಇಂಥ ಊರಿನ, ಎರಡೆಕರೆ ತೋಟದ, ಮಗ ಬೆಂಗಳೂರಿನಲ್ಲಿರುವ ವಿಧವೆ’ ಎಂದು ಬರೆದರೆ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಊರಿನ ಹೆಸರು ಬಿಡಿ, ವಿವರವನ್ನು ಮಸುಕು ಮಾಡಿ. ಇದೇ ಕಾರಣಕ್ಕೆ ಈ ಲೇಖನದಲ್ಲಿರುವ ಮಾತುಗಳೂ ನಿಜವಾದ ಸಂದರ್ಶನದವಲ್ಲ. ನಾನು ಕೇಳಿದ ಧಾಟಿಯಲ್ಲೇ, ತೋರಿಸುವುದಕ್ಕಾಗಿ ಬರೆದುಕೊಂಡವು.

ಒಂದು ತುಣುಕು, ಐದು ಕೋಡ್

ತೋಟದ ಯಜಮಾನರೊಬ್ಬರು ಹೀಗೆ ಹೇಳಿದರು ಅಂದುಕೊಳ್ಳಿ:

1. ಅಡಿಕೆ ಕೊನೆ ಕದಿಯೋರ ಕಾಟ ಜಾಸ್ತಿ ಆಗಿತ್ತು.
2. ಹೇಳೋ ಕಡೆ ಎಲ್ಲಾ ಹೇಳಿದ್ವಿ. ಯಾರೂ ಬರ್ಲಿಲ್ಲ.
3. ಆಮೇಲೆ ಅಮ್ಮನ ಹತ್ರ ಹೋಗಿ ಹೇಳ್ಕಂಡು ಬಂದ್ವಿ.
4. ಬೋರ್ಡ್ ಹಾಕಿದ್ ಮೇಲೆ ನಿಶ್ಚಿಂತೆ. (ನಗು)
5. ಆದ್ರೆ ನಮ್ಗೂ ಹೆದ್ರಿಕೆ ಐತೆ. ವರ್ಷಕ್ಕೊಂದ್ಸಲ ಹೋಗ್ಲಿಲ್ಲ ಅಂದ್ರೆ ನಮ್ಮನ್ನೇ ಕೇಳ್ತಾಳೆ ಅವ್ಳು.

ಮೊದಲ ಸಲ ನಾನು ಇಂಥದ್ದಕ್ಕೆಲ್ಲ ‘ನಂಬಿಕೆ’ ಎಂದು ಬರೆದು ಮುಂದೆ ಹೋಗಿದ್ದೆ. ಮೂರನೇ ಸಂದರ್ಶನ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಮಾತು ‘ನಂಬಿಕೆ’ಯ ಹೊಟ್ಟೆಗೆ ಹೋಗಿತ್ತು. ಭಕ್ತರನ್ನೇ ಮಾತಾಡಿಸಿದ ಮೇಲೆ ನಂಬಿಕೆ ಇಲ್ಲದೆ ಇನ್ನೇನಿರುತ್ತದೆ? ಎಲ್ಲ ಕಡೆ ಕೂರುವ ಕೋಡ್ ಎಲ್ಲಿಯೂ ಕೆಲಸ ಮಾಡುವುದಿಲ್ಲ.

ಎರಡನೇ ಸುತ್ತಿನಲ್ಲಿ ಒಂದು ನಿಯಮ ಹಾಕಿಕೊಂಡೆ. ಕೋಡ್‌ನಲ್ಲಿ ಯಾರೋ ಏನೋ ಮಾಡುತ್ತಿರಬೇಕು, ಸುಮ್ನೆ ಒಂದು ನಾಮಪದ ಬೇಡ. ಆಗ ಮೇಲಿನ ಐದು ಸಾಲು ಹೀಗೆ ಬಿಚ್ಚಿಕೊಂಡವು. ಒಂದನೆಯದು ‘ಬೆಳೆ ಕೈತಪ್ಪುವುದು’. ಎರಡನೆಯದು ‘ದೂರಿಗೆ ಕಿವಿ ಸಿಗದಿರುವುದು’. ಮೂರನೆಯದು ‘ದೂರನ್ನು ಅಮ್ಮನಿಗೆ ದಾಟಿಸುವುದು’. ನಾಲ್ಕನೆಯದು ‘ಕಾವಲು ಒಪ್ಪಿಸಿ ಹಗುರಾಗುವುದು’. ಐದನೆಯದಕ್ಕೆ ಅವರ ಮಾತನ್ನೇ ಎತ್ತಿಕೊಂಡೆ: ‘ನಮ್ಮನ್ನೇ ಕೇಳ್ತಾಳೆ’. ಹೇಳಿದವರ ಮಾತೇ ನಿಮ್ಮ ಮಾತಿಗಿಂತ ಚುರುಕಾಗಿದ್ದರೆ ಅದನ್ನೇ ಕೋಡ್ ಮಾಡಿಕೊಳ್ಳಬಹುದು.

ಇಲ್ಲೇ ಭಾಷೆಯ ವಿಷಯ ಬರುತ್ತದೆ. ನಮ್ಮಲ್ಲಿ ಹಲವರು ಮಾತನ್ನೆಲ್ಲ ಮೊದಲು ಇಂಗ್ಲಿಷಿಗೆ ತಿರುಗಿಸಿ ಆಮೇಲೆ ಕೋಡ್ ಮಾಡುತ್ತಾರೆ, ಪ್ರಬಂಧ ಇಂಗ್ಲಿಷಿನಲ್ಲಿ ಇರುತ್ತದೆ ಅಂತ. ನಾನೂ ಎರಡು ಸಂದರ್ಶನ ಹಾಗೆ ಮಾಡಿದ್ದೆ. ‘ಕೇಳ್ತಾಳೆ’ ಅಂದರೆ ಪ್ರಶ್ನೆ ಹಾಕುತ್ತಾಳೆ ಅಂತಲೂ ಹೌದು, ಕೊಡಬೇಕಾದ್ದನ್ನು ಬೇಡುತ್ತಾಳೆ ಅಂತಲೂ ಹೌದು, ವಿಚಾರಿಸಿಕೊಳ್ಳುತ್ತಾಳೆ ಅಂತಲೂ ಹೌದು. ಇಂಗ್ಲಿಷಿನ ಯಾವ ಒಂದು ಪದ ಹಾಕಿದರೂ ಉಳಿದ ಎರಡು ಬಿದ್ದುಹೋಗುತ್ತವೆ. ಕೋಡಿಂಗ್ ಕನ್ನಡದಲ್ಲೇ ಆಗಲಿ. ಅಧ್ಯಾಯಕ್ಕೆ ಆರಿಸಿದ ಮಾತುಗಳನ್ನು ಮಾತ್ರ ಕೊನೆಗೆ ಅನುವಾದ ಮಾಡಿದರಾಯಿತು.

ಸಾಧನ ಯಾವುದು? ಎಕ್ಸೆಲ್ ಸಾಕು. ಸಂದರ್ಶನದ ನಂಬರ್, ಸಾಲಿನ ನಂಬರ್, ಮಾತು, ಕೋಡ್, ನನ್ನ ಟಿಪ್ಪಣಿ, ಹೀಗೆ ಐದು ಕಾಲಂ. ಟಿಪ್ಪಣಿಯ ಕಾಲಂಗೆ ತಾರೀಕು ಹಾಕಿ. ಸಾಲು 4ರ ನಗುವಿನ ಎದುರು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ನಗು ಯಾಕೆ? ನನ್ನಂಥ ಓದಿದವಳ ಎದುರು ಹೇಳುವ ಮುಜುಗರವೇ?’ ಈ ಪ್ರಶ್ನೆ ಮುಂದೆ ಬೇಕಾಗುತ್ತದೆ. ಭಕ್ತರ ಮನೆಯ ಹುಡುಗಿಯಾಗಿ ನಾನು ಕೇಳುವುದಕ್ಕೂ ಹೊರಗಿನವರು ಕೇಳುವುದಕ್ಕೂ ಉತ್ತರ ಬೇರೆಯಾಗುತ್ತದೆ ಅಲ್ವಾ?

ಡಬ್ಬಿ ಬೇರೆ, ಥೀಮ್ ಬೇರೆ

ಎಲ್ಲ ಮುಗಿದಾಗ ನನ್ನ ಬಳಿ ನೂರಕ್ಕೂ ಹೆಚ್ಚು ಕೋಡ್‌ಗಳಿದ್ದವು. ಅವನ್ನು ಚೀಟಿಯಲ್ಲಿ ಬರೆದು ಜಗಲಿಯ ಮೇಲೆ ಹರಡಿದೆ. ಗುಂಪು ಮಾಡಿ ನಾಲ್ಕು ಥೀಮ್ ಸಿಕ್ಕವು ಎಂದು ಬೀಗಿದೆ: ‘ಹರಕೆ’, ‘ಲಾಂಚ್ ಪ್ರಯಾಣ’, ‘ಬೋರ್ಡು’, ‘ಕುಟುಂಬ’. ಗೈಡ್ ಮೇಡಂ ನೋಡಿ ಒಂದೇ ಮಾತು ಹೇಳಿದರು: “ಇವು ನೀನು ಕೇಳಿದ ಪ್ರಶ್ನೆಗಳ ಹೆಸರಲ್ವೇನಮ್ಮಾ? ಅವರು ಏನು ಹೇಳಿದರು ಅಂತ ಇದರಲ್ಲೆಲ್ಲಿದೆ?”

ನಿಜ. ಅವು ಡಬ್ಬಿಗಳು. ‘ಹರಕೆ’ ಎಂಬ ಡಬ್ಬಿಯೊಳಗೆ ಹರಕೆ ಹೊತ್ತ ಖುಷಿಯೂ ಇತ್ತು, ಸಾಲದ ಹಾಗೆ ಅದು ಕಾಡಿದ ಸಂಕಟವೂ ಇತ್ತು. ಒಳಗಿರುವ ಮಾತುಗಳ ನಡುವೆ ಒಂದೇ ನಂಟು, ವಿಷಯ ಒಂದು ಅನ್ನುವುದು. ಥೀಮ್‌ಗೆ ಬೇಕಾದ್ದು ಅರ್ಥದ ನಂಟು. ಪರೀಕ್ಷೆ ಸುಲಭ: ಹೆಸರನ್ನು ಪೂರ್ತಿ ವಾಕ್ಯ ಮಾಡಿ ನೋಡಿ. ವಾಕ್ಯ ಏನನ್ನಾದರೂ ವಾದಿಸುತ್ತಿದೆಯೇ? ಯಾರಾದರೂ ‘ಇಲ್ಲ, ಹಾಗಲ್ಲ’ ಅನ್ನಬಹುದೇ? ‘ಭಕ್ತರು ಹರಕೆ ಹೊರುತ್ತಾರೆ’ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಚೀಟಿಗಳನ್ನು ಮತ್ತೆ ಕಲೆಸಿದೆ. ‘ನಮ್ಮನ್ನೇ ಕೇಳ್ತಾಳೆ’ ಚೀಟಿಯ ಪಕ್ಕಕ್ಕೆ ಹರಕೆ ಡಬ್ಬಿಯಿಂದ ‘ತಡವಾದರೆ ಕನಸಿನಲ್ಲಿ ಬರುವುದು’ ಬಂತು. ಕುಟುಂಬದ ಡಬ್ಬಿಯಿಂದ ‘ಅತ್ತೆಯ ಹರಕೆಯನ್ನು ಸೊಸೆ ತೀರಿಸುವುದು’ ಬಂತು. ಬೋರ್ಡಿನ ಡಬ್ಬಿಯಿಂದ ‘ಕಾವಲು ಒಪ್ಪಿಸಿ ಹಗುರಾಗುವುದು’ ಬಂತು. ಮೂರು ಡಬ್ಬಿಯಿಂದ ಬಂದವು ಒಂದೇ ಮಾತು ಹೇಳುತ್ತಿದ್ದವು: ಕಾವಲು ಪುಕ್ಕಟೆಯಲ್ಲ, ಕಾಯುವವಳು ಕಾಯಿಸಿಕೊಂಡವರ ಲೆಕ್ಕವನ್ನೂ ಇಡುತ್ತಾಳೆ. ಥೀಮ್‌ಗೆ ‘ಕಾಯುವವಳೇ ಕೇಳುವವಳು’ ಎಂದು ಹೆಸರಿಟ್ಟೆ. ‘ಚೀಟಿಯಿಂದ ಥೀಮ್ ತಾನಾಗಿ ಎದ್ದು ಬಂತು’ ಎಂದು ಪ್ರಬಂಧದಲ್ಲಿ ಬರೆಯಬೇಡಿ. ಅದು ಏಳುವುದಿಲ್ಲ. ಕಟ್ಟಿದ್ದು ನೀವು, ಹೇಗೆ ಕಟ್ಟಿದಿರಿ ಎಂದು ಹೇಳುವ ಹೊಣೆಯೂ ನಿಮ್ಮದೇ.

ಲಾಂಚ್ ಡಬ್ಬಿಯದು ಬೇರೆ ಕತೆ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ಸಾಗರದ ಕಡೆಯಿಂದ ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯಬೇಕಿತ್ತು. ಹಾಗಾಗಿ ಪ್ರತಿ ಸಂದರ್ಶನದ ಮೇಲೆ ತಾರೀಕು ಇರಲೇಬೇಕು. ‘ದಾಟುವುದು ಕಷ್ಟ’ ಎಂಬ ಮಾತು ಸೇತುವೆಗೆ ಮೊದಲು ಬಂದರೆ ದೂರು, ಆಮೇಲೆ ಬಂದರೆ ನೆನಪು. ‘ಈಗ ಸೀದಾ ಹೋಗ್ತಾರೆ, ಹೋದ ಹಾಗೇ ಅನ್ಸಲ್ಲ’ ಎಂದು ಯಾರಾದರೂ ಅಂದರೆ ಅಲ್ಲಿ ಇನ್ನೊಂದು ಥೀಮಿನ ಮೊಳಕೆ ಇದೆ: ದಾರಿಯ ಕಷ್ಟವೂ ಹರಕೆಯ ಭಾಗ. ನನ್ನಲ್ಲಿ ಇದಕ್ಕೆ ಇಬ್ಬರ ಮಾತು ಮಾತ್ರ ಇತ್ತು, ಅದೂ ತೆಳ್ಳಗೆ. ಅಧ್ಯಾಯದಿಂದ ಬಿಟ್ಟೆ. ಹೊಟ್ಟೆ ಉರಿಯಿತು, ಆದರೂ ಬಿಟ್ಟೆ.

ಒಪ್ಪದ ಮಾತನ್ನು ಹುಡುಕಿ

ಥೀಮ್ ಸಿಕ್ಕ ಕೂಡಲೇ ಕಣ್ಣು ಅದಕ್ಕೆ ಹೊಂದುವ ಮಾತನ್ನೇ ಹೆಕ್ಕುತ್ತದೆ. ಆದ್ದರಿಂದ 14 ಸಂದರ್ಶನವನ್ನೂ ಇನ್ನೊಮ್ಮೆ, ಈ ಸಲ ಕೊನೆಯದರಿಂದ ಹಿಂದಕ್ಕೆ ಓದಿದೆ. ಹುಡುಕಿದ್ದು ಒಂದನ್ನೇ: ಈ ಥೀಮನ್ನು ಮುರಿಯುವ ಮಾತು. ಸಿಕ್ಕಿತು. ಒಬ್ಬರು ಹೇಳಿದ್ದರ ಧಾಟಿ ಹೀಗಿತ್ತು: ‘ನಾವು ಅಲ್ಲಿಗೆಲ್ಲಾ ಹೋಗಿಲ್ಲ. ಪೇಟೇಲಿ ಬೋರ್ಡ್ ಬರೆಸಿ ತಂದ್ವಿ. ಕಳ್ಳಂಗೆ ಹೆದ್ರಿಕೆ ಇದ್ರೆ ಸಾಕಲ್ಲ.’

ಇಲ್ಲಿ ಕೇಳುವವಳೂ ಇಲ್ಲ, ಲೆಕ್ಕವೂ ಇಲ್ಲ. ಬೋರ್ಡು ಬೇಲಿಯ ಮುಳ್ಳಿದ್ದ ಹಾಗೆ. ಇದನ್ನು ಮುಚ್ಚಿಟ್ಟರೆ ಅಧ್ಯಾಯ ನೀಟಾಗಿ ಕಾಣುತ್ತಿತ್ತು. ಒಳಗೆ ಸೇರಿಸಿದಾಗ ಥೀಮಿನ ಗಡಿ ಗೊತ್ತಾಯಿತು. ಲೆಕ್ಕದ ಹೆದರಿಕೆ ಬೋರ್ಡಿನಿಂದ ಹುಟ್ಟುವುದಲ್ಲ, ಹೋಗಿ ‘ಹೇಳ್ಕಂಡು ಬಂದ’ ಮಾತಿನಿಂದ ಹುಟ್ಟುವುದು. ಅಧ್ಯಾಯದ ಗಟ್ಟಿ ವಾಕ್ಯ ಇದೇ ಆಯಿತು. ಕೊಟ್ಟಿದ್ದು ಒಪ್ಪದ ಒಂದು ಸಂದರ್ಶನ.

ಇಬ್ಬರು ಬೇರೆ ಬೇರೆ ಕೂತು ಕೋಡ್ ಮಾಡಿ, ಎಷ್ಟು ತಾಳೆಯಾಯಿತು ಎಂದು ಲೆಕ್ಕ ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ಬ್ರೌನ್–ಕ್ಲಾರ್ಕ್ ದಾರಿಯಲ್ಲಿ ಅದು ಬೇಕಿಲ್ಲ. ಸಂಶೋಧಕರ ನೋಟವೂ ವಿಶ್ಲೇಷಣೆಯ ಭಾಗ ಎಂಬುದು ಅವರ ನಿಲುವು. ಮೊದಲೇ ಕೋಡ್‌ಪಟ್ಟಿ ಮಾಡಿಟ್ಟುಕೊಂಡು ಹೊರಡುವ ಬೇರೆ ಪದ್ಧತಿಗಳಿಗೆ ಅದು ಸರಿ. ಎರಡನ್ನೂ ಬೆರೆಸಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಅಧ್ಯಾಯ ಬರೆಯುವಾಗ

ಥೀಮಿನ ವಾಕ್ಯ ಮೊದಲು ಬರಲಿ. ಆಮೇಲೆ ಒಂದು ಮಾತು, ಅದರ ಕೆಳಗೆ ಆ ಮಾತಿನಷ್ಟಾದರೂ ಉದ್ದದ ನಿಮ್ಮ ಓದು. ಮಾತಿನ ಮೇಲೆ ಮಾತು ಪೇರಿಸಿ ‘ಇದರಿಂದ ತಿಳಿಯುತ್ತದೆ’ ಎಂದು ಮುಗಿಸಿದರೆ ಅದು ವಿಶ್ಲೇಷಣೆಯಲ್ಲ. ‘ಶೇಕಡಾ 64ರಷ್ಟು ಭಕ್ತರು’ ಎಂದೂ ಬರೆಯಬೇಡಿ. ನೀವು ಮಾತಾಡಿಸಿದ್ದು 14 ಜನರನ್ನು, ಅದೂ ಆರಿಸಿ. ಎಣಿಕೆ ಬೇಕೇ ಬೇಕು ಅನಿಸಿದರೆ ‘14ರಲ್ಲಿ ಒಂಬತ್ತು ಮಂದಿ’ ಎಂದು ಹೇಳಿ ಸುಮ್ಮನಾಗಿ.

ಅನುವಾದ ಕೊನೆಯ ಕೆಲಸ. ‘ನಮ್ಮನ್ನೇ ಕೇಳ್ತಾಳೆ’ ಸಾಲಿಗೆ ನಾನು ಮೂರು ಇಂಗ್ಲಿಷ್ ವಾಕ್ಯ ಬರೆದು ಮೂರನ್ನೂ ಹೊಡೆದುಹಾಕಿದೆ. ಕೊನೆಗೆ ಕನ್ನಡದ ಪದವನ್ನೇ ಓರೆ ಅಕ್ಷರದಲ್ಲಿ ಉಳಿಸಿ, ಅದರ ಮೂರು ಅರ್ಥವನ್ನು ಒಂದು ಪ್ಯಾರಾದಲ್ಲಿ ಬಿಡಿಸಿ ಹೇಳಿದೆ. ಇಡೀ ಅಧ್ಯಾಯದಲ್ಲಿ ಪರೀಕ್ಷಕರು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪ್ರಶ್ನೆ ಕೇಳಿದ್ದು ಆ ಪ್ಯಾರಾದ ಮೇಲೆಯೇ: ‘ತೋಟ ಮಾರಿದ ಮೇಲೂ ಅವಳು ಕೇಳುತ್ತಾಳೆಯೇ?’ ಅದನ್ನು ನಾನು ಯಾರ ಬಳಿಯೂ ವಿಚಾರಿಸಿರಲಿಲ್ಲ.