ಪ್ಯಾನ್ ಕಾರ್ಡ್ ಕೈಯಲ್ಲಿತ್ತು, ಡಿಜಿಲಾಕರ್‌ಗೆ ಮಾತ್ರ ಬರುತ್ತಿರಲಿಲ್ಲ

ಎರಡು ವರ್ಷ ನನ್ನ ಫೋನಿನಲ್ಲಿ ಡಿಜಿಲಾಕರ್ ಇತ್ತು. ಎಲ್ಲಾ ದಾಖಲೆಗಳೂ ಅದರೊಳಗೆ ಇವೆ ಅಂತಲೇ ನಂಬಿದ್ದೆ. ಒಂದು ದಿನ ಒಂದು ಕೌಂಟರಿನಲ್ಲಿ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕಾಯಿತು. ಪರ್ಸ್ ಮನೆಯಲ್ಲಿತ್ತು. ನಾನು ಜಂಬದಿಂದ ಫೋನ್ ತೆಗೆದೆ. ಕೌಂಟರಿನ ಹುಡುಗ ನೋಡಿ ನಕ್ಕ. "ಮೇಡಂ, ಇದು ನೀವೇ ತೆಗೆದ ಫೋಟೋ. ಮೂಲೆಯಲ್ಲಿ ನಿಮ್ಮ ಊಟದ ಟೇಬಲ್ಲೂ ಕಾಣ್ತಿದೆ," ಅಂದ.

ಅವನು ಹೇಳಿದ್ದು ಸರಿ. ಡಿಜಿಲಾಕರ್‌ನಲ್ಲಿ ಎರಡು ಜಾಗಗಳಿವೆ. `Drive` ಅನ್ನುವುದು ನಮ್ಮದೇ ಕಪಾಟು. ಅಲ್ಲಿ ನಾವು ಏನನ್ನು ಸ್ಕ್ಯಾನ್ ಮಾಡಿ ಹಾಕಿದರೂ ಇರುತ್ತದೆ, ಅದು ನಿಜವೋ ಸುಳ್ಳೋ ಅಂತ ಯಾರೂ ಪರೀಕ್ಷಿಸುವುದಿಲ್ಲ. `Issued` ಅನ್ನುವ ಕಡೆ ಬರುವುದು ಆಯಾ ಇಲಾಖೆಯ ಕಡತದಿಂದ ನೇರವಾಗಿ ಬಂದ ದಾಖಲೆ. 2016ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2017ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಮೂಲ ಪ್ರತಿಗೆ ಸಮ ಎನಿಸುವುದು ಈ ಎರಡನೆಯದು ಮಾತ್ರ. ರೈಲ್ವೆ ಕೂಡ 2018ರಲ್ಲಿ ಇದನ್ನು ಬಿಡಿಸಿ ಹೇಳಿತು: `Issued` ಭಾಗದ ಆಧಾರ್, ಲೈಸೆನ್ಸ್ ನಡೆಯುತ್ತದೆ, ಪ್ರಯಾಣಿಕರೇ ಅಪ್‌ಲೋಡ್ ಮಾಡಿದ್ದು ನಡೆಯುವುದಿಲ್ಲ. ನಾನು ಎರಡು ವರ್ಷ ತುಂಬಿಸಿದ್ದೆಲ್ಲ `Drive`ಗೆ. ಫೋನಿನ ಗ್ಯಾಲರಿಯಲ್ಲಿ ಇಟ್ಟಿದ್ದರೂ ಅಷ್ಟೇ ಆಗಿರುತ್ತಿತ್ತು.

ಆ ಸಂಜೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆ.

ಆಧಾರ್ ತಕ್ಷಣ ಬಂತು. ನನ್ನ ಈಗಿನ ನಂಬರೇ ಆಧಾರ್‌ಗೆ ಜೋಡಣೆ ಆಗಿತ್ತು, ಓಟಿಪಿ ಬಂತು, ಮುಗಿಯಿತು. ನಂಬರ್ ಹಳೆಯದಾಗಿದ್ದರೆ ಮೊದಲು ಆಧಾರ್‌ನಲ್ಲಿ ಅದನ್ನು ಬದಲಿಸಬೇಕು. ಲೈಸೆನ್ಸ್ ಎರಡು ಸಲ ಕೈಕೊಟ್ಟಿತು. ನನ್ನ ಹಳೆಯ ಕಾರ್ಡಿನಲ್ಲಿ ಕೊನೆಯ ಸಂಖ್ಯೆ ನಾಲ್ಕೇ ಅಂಕಿ. ಆಮೇಲೆ ತಿಳಿಯಿತು, ಅವರ ಕಡತದಲ್ಲಿ ರಾಜ್ಯ ಮತ್ತು ಆರ್‌ಟಿಓ ಸಂಕೇತ, ಅದರ ನಂತರ ನಾಲ್ಕು ಅಂಕಿಯ ವರ್ಷ, ಕೊನೆಗೆ ಏಳು ಅಂಕಿ ಇರುತ್ತದೆ. ಆ ನಾಲ್ಕು ಅಂಕಿಯ ಎಡಕ್ಕೆ ಮೂರು ಸೊನ್ನೆ ಸೇರಿಸಿದೆ, ಬಂತು.

ಪ್ಯಾನ್ ಮಾತ್ರ ಬರಲೇ ಇಲ್ಲ. ನಂಬರ್ ಸರಿ, ಹುಟ್ಟಿದ ದಿನಾಂಕ ಸರಿ, ಆದರೂ ಹೆಸರು ಹೊಂದುತ್ತಿಲ್ಲ ಅಂತ ಹೇಳುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಆಧಾರ್‌ನಲ್ಲಿ `Suma K N`. ಪ್ಯಾನ್ ಕಾರ್ಡಿನ ಮೇಲೆ `SUMA K N`. ಒಂದೇ ಹೆಸರು, ಅಲ್ವಾ?

ಅಲ್ಲ. ಇದನ್ನು ಕಂಡುಹಿಡಿಯಲು ಮೂರು ದಿನ ಹಿಡಿಯಿತು. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ನನ್ನ ಪ್ರೊಫೈಲ್ ತೆರೆದಾಗ ಅಲ್ಲಿ ಇದ್ದದ್ದು `SUMA KAGGERE NARASIMHAIAH`. ಕಗ್ಗೆರೆ ನಮ್ಮ ಊರು, ನರಸಿಂಹಯ್ಯ ಅಪ್ಪ. ಪ್ಯಾನ್ ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಎಲ್ಲ ಬಿಡಿಸಿ ಬರೆಯಬೇಕು. ಕಾರ್ಡಿನ ಮೇಲೆ ಹೆಸರು ಹೇಗೆ ಅಚ್ಚಾಗಬೇಕು ಅನ್ನುವುದಕ್ಕೆ ಬೇರೆ ಜಾಗ ಇದೆ. ಅಲ್ಲಿ ಚಿಕ್ಕದಾಗಿ ಬರೆಯಬಹುದು. ಹಾಗಾಗಿ ಕಾರ್ಡಿನಲ್ಲಿ ಕಾಣುವುದು ಒಂದು, ಕಡತದಲ್ಲಿ ಇರುವುದು ಇನ್ನೊಂದು. ಡಿಜಿಲಾಕರ್ ನೋಡುವುದು ಕಡತವನ್ನು. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಅಕ್ಷರವಾಗಿಸಿ ಬಾಲಕ್ಕೆ ಕಟ್ಟಿಕೊಂಡ ನಮ್ಮಂಥವರು ಎಷ್ಟು ಜನ ಇದಕ್ಕೆ ತಲೆ ಕೆರೆದುಕೊಂಡಿದ್ದಾರೋ!

ಈಗ ಯಾವುದನ್ನು ತಿದ್ದುವುದು? ಆತುರದಲ್ಲಿ ತಪ್ಪು ಮಾಡುವ ಜಾಗ ಇದೇ. ಆಧಾರ್‌ನಲ್ಲಿ ಹೆಸರು ಬದಲಿಸಲು ಇಡೀ ಜೀವನಕ್ಕೆ ಎರಡೇ ಅವಕಾಶ. ನಾನು ಒಂದು ಹಾಳೆ ತೆಗೆದು, ಪ್ರತಿ ದಾಖಲೆಯ ಹೆಸರನ್ನು ಅಕ್ಷರ ಬಿಡದೆ ಕೆಳಗೆ ಕೆಳಗೆ ಬರೆದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಲೈಸೆನ್ಸ್ ಮೂರರಲ್ಲೂ ಇನಿಷಿಯಲ್. ಪ್ಯಾನ್ ಮತ್ತು ಪಾಸ್‌ಪೋರ್ಟ್ ಎರಡರಲ್ಲಿ ಪೂರ್ತಿ ಹೆಸರು. ಲೆಕ್ಕದಲ್ಲಿ ಇನಿಷಿಯಲ್ ಗೆದ್ದಿತ್ತು. ಆದರೆ ಪ್ಯಾನ್ ಇನಿಷಿಯಲ್‌ಗೆ ಬಗ್ಗುವುದಿಲ್ಲ, ಪಾಸ್‌ಪೋರ್ಟನ್ನು ಮುಟ್ಟಲು ನನಗೆ ಮನಸ್ಸಿಲ್ಲ. ಹಾಗಾಗಿ ಆಧಾರನ್ನೇ ಬಗ್ಗಿಸಿದೆ. ಪಾಸ್‌ಪೋರ್ಟನ್ನು ಪುರಾವೆಯಾಗಿ ಕೊಟ್ಟು ಹೆಸರನ್ನು ಬಿಡಿಸಿ ಬರೆಸಿದೆ. ಎರಡು ವಾರಕ್ಕೆ ಬದಲಾಯಿತು. ಡಿಜಿಲಾಕರ್‌ನಲ್ಲಿ ಮಾತ್ರ ಹಳೆಯ ಹೆಸರೇ ಕೂತಿತ್ತು. ಅಲ್ಲಿ ಆಧಾರನ್ನು ಮತ್ತೊಮ್ಮೆ ರಿಫ್ರೆಶ್ ಮಾಡಿದ ಮೇಲೆ ಹೊಸದು ಬಂತು. ಆಮೇಲೆ ಪ್ಯಾನ್ ಒಂದೇ ಸಲಕ್ಕೆ ಬಂತು.

ಇದಕ್ಕೆ ಬೆಲೆಯನ್ನೂ ತೆತ್ತೆ. ಆಧಾರ್ ಬದಲಾದ ಮೇಲೆ ಲೈಸೆನ್ಸಿನ ಹೆಸರು ಬೇರೆಯಾಗಿ ಉಳಿಯಿತು. ಅದೃಷ್ಟಕ್ಕೆ ಅದು ನವೀಕರಣಕ್ಕೆ ಬಂದಿತ್ತು, ಅದರ ಜೊತೆಗೇ ತಿದ್ದಿಸಿಕೊಂಡೆ. ನವೀಕರಣಕ್ಕೆ ಇನ್ನೂ ಹತ್ತು ವರ್ಷ ಇದ್ದಿದ್ದರೆ ಇಷ್ಟು ಸುಲಭವಾಗಿ ಈ ದಾರಿ ಹಿಡಿಯುತ್ತಿದ್ದೆನೋ ಇಲ್ಲವೋ.

ಗಂಡನ ಗಾಡಿಯ ಆರ್‌ಸಿ ನಾನು ನನ್ನ ಖಾತೆಗೆ ಹಾಕಲು ಹೋಗಿ ಸೋತೆ. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ ಎರಡೂ ಸರಿ ಇದ್ದವು, ಆದರೆ ಮಾಲೀಕರ ಹೆಸರು ನನ್ನದಲ್ಲವಲ್ಲ. ಅವರ ಖಾತೆಗೆ ಹಾಕಿ ಅಂದರೆ, "ಸುಮ್ನೆ ಪರ್ಸಲ್ಲಿ ಇದೆಯಲ್ಲ," ಅಂತಾರೆ.

ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅವಳ ಖಾತೆಯಲ್ಲಿ ನೋಂದಣಿ ಸಂಖ್ಯೆ ಮತ್ತು ವರ್ಷ ಕೊಟ್ಟ ಕೂಡಲೇ ಬಂತು. ನನ್ನದು ಬರಲಿಲ್ಲ, ನಾನು ಪಾಸಾದ ವರ್ಷ ಅಲ್ಲಿನ ವರ್ಷಗಳ ಪಟ್ಟಿಯಲ್ಲೇ ಕಾಣಲಿಲ್ಲ. ಅವಳದನ್ನು ಡೌನ್‌ಲೋಡ್ ಮಾಡಿ ಕಂಪ್ಯೂಟರಿನಲ್ಲಿ ತೆರೆದಾಗ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ಸಹಿ ಖಚಿತವಾಗಿಲ್ಲ ಅನ್ನುವ ಅರ್ಥದ ಸಾಲು. ಮನೆಯಲ್ಲಿ ಎಲ್ಲರಿಗೂ ಗಾಬರಿ. ಅದು ನಕಲಿ ಅಂತ ಅರ್ಥ ಅಲ್ಲ. ಆ ಕಂಪ್ಯೂಟರಿನ ಪಿಡಿಎಫ್ ಓದುವ ಸಾಫ್ಟ್‌ವೇರ್, ಭಾರತದ ಡಿಜಿಟಲ್ ಸಹಿಗಳಿಗೆ ಮೂಲವಾದ ಪ್ರಮಾಣಪತ್ರವನ್ನು ಇನ್ನೂ ನಂಬಿರುವುದಿಲ್ಲ, ಅಷ್ಟೇ. ಚಿಹ್ನೆಯ ಮೇಲೆ ಒತ್ತಿ ಸಹಿಯ ವಿವರ ತೆರೆದು, ಆ ಪ್ರಮಾಣಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿ ಮತ್ತೆ ಪರೀಕ್ಷಿಸಿದರೆ ಹಸಿರು ಗುರುತು ಬರುತ್ತದೆ. ಆ ಕಡತವನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೆ ಮಾತ್ರ ಡಿಜಿಟಲ್ ಸಹಿ ಸತ್ತ ಹಾಗೆ, ಉಳಿಯುವುದು ಬರೀ ಚಿತ್ರ. ಮಗಳ ಕಾಲೇಜಿಗೆ ಮೇಲ್‌ನಲ್ಲಿ ಕಳಿಸುವಾಗ ಅದಕ್ಕೇ ಡೌನ್‌ಲೋಡ್ ಮಾಡಿದ ಪಿಡಿಎಫ್ಫನ್ನೇ ಕಳಿಸಿದೆವು.

ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋಗುವ ಮೊದಲು ನಾನು ಮನೆಯಲ್ಲೇ ಆಧಾರ್ ಮತ್ತು ಲೈಸೆನ್ಸನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ಫೋನಿನ ಚಾರ್ಜ್ ಮುಗಿದರೆ ಅದಕ್ಕೆ ಉಪಾಯವಿಲ್ಲ, ದೂರದ ಪ್ರಯಾಣದಲ್ಲಿ ಲೈಸೆನ್ಸಿನ ಪ್ಲಾಸ್ಟಿಕ್ ಕಾರ್ಡೂ ಜೊತೆಗಿರುತ್ತದೆ. `Drive`ನಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಅಳಿಸಿದೆ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಒಂದನ್ನು ಬಿಟ್ಟಿದ್ದೇನೆ. ಅದರ ಮೂಲ ಪ್ರತಿ ಅಮ್ಮನ ಟ್ರಂಕಿನಲ್ಲಿ, ಅವಳ ರೇಷ್ಮೆ ಸೀರೆಗಳ ಕೆಳಗೆ ಇದೆ.