ಒಂದು ತುಳು ಪಂಚ್ ಡೈಲಾಗ್ ಕನ್ನಡಕ್ಕೆ ಬಂದದ್ದು ಹೀಗೆ

ಮಂಗಳೂರಿನಲ್ಲಿ ತುಳು ನಾಟಕ, ಸಿನಿಮಾಗಳಿಗೆ ಸಂಭಾಷಣೆ ಬರೆಯುತ್ತೇನೆ. ತುಳು ಸಿನಿಮಾಗಳಿಗೆ ಡಬ್ಬಿಂಗ್‌ಗಾಗಿ ಕನ್ನಡ ಮಾತು ಬರೆದುಕೊಡುವುದೂ ಇದೆ. ಉಳಿದ ಮಾತೆಲ್ಲ ಬೇಗ ಆಗುತ್ತದೆ. ಪಂಚ್ ಡೈಲಾಗ್ ಬಂದಾಗ ಕೈ ನಿಲ್ಲುತ್ತದೆ. ಅಂಥ ಒಂದು ಸಾಲನ್ನು ನಾನು ಹೇಗೆ ತಂದೆ ಎಂದು ಇಲ್ಲಿ ಹೇಳುತ್ತೇನೆ.

ಒಕ್ಕಲು ಮನೆಯ ಹುಡುಗ ಧಣಿಯ ಚಾವಡಿಗೆ ಬಂದು ನಿಲ್ಲುತ್ತಾನೆ. 'ಯಾನ್ ಪಂಡ್‌ದ್ ಬರ್ಪುಜಿ' ಅನ್ನುತ್ತಾನೆ. ಹೆಗಲ ಬೈರಾಸು, ಅಂದರೆ ಟವೆಲ್ಲು, ಕೊಡವುತ್ತಾನೆ. ಕ್ಯಾಮೆರಾ ಮುಖದ ಹತ್ತಿರ ಬರುತ್ತದೆ. ಆಮೇಲೆ 'ಬತ್ತ್‌ದ್ ಪನ್ಪೆ'. ನಾನು ಹೇಳಿ ಬರುವುದಿಲ್ಲ, ಬಂದು ಹೇಳುತ್ತೇನೆ ಎಂದು ಅರ್ಥ.

'ಹೇಳಿ ಬರಲ್ಲ, ಬಂದು ಹೇಳ್ತೀನಿ' ಎಂದು ಬರೆದರೆ ಅರ್ಥ ಪೂರ್ತಿ ಬಂತು. ಗತ್ತು ಮಾತ್ರ ಬರಲಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಎರಡನ್ನೂ ಜೋರಾಗಿ ಹೇಳಿ ನೋಡಬೇಕು. ತುಳು ಸಾಲಿನಲ್ಲಿ ಪ, ಬ ತುಂಬಿವೆ. ಪ್ರತಿ ಸಲ ತುಟಿ ಮುಚ್ಚಿ ಸಿಡಿಯುತ್ತದೆ. ಹಳಗನ್ನಡದ ಪ ಹೊಸಗನ್ನಡದಲ್ಲಿ ಎಷ್ಟೋ ಕಡೆ ಹ ಆಯಿತು, ತುಳುವಿನ ಪ ಹಾಗೇ ಉಳಿಯಿತು. ಇಲ್ಲಿ ಪಿಲಿ, ಅಲ್ಲಿ ಹುಲಿ. ಹಾಗಾಗಿ 'ಪನ್ಪೆ' ಇದ್ದಲ್ಲಿ 'ಹೇಳ್ತೀನಿ' ಬಂದಾಗ ಏಟು ಹೋಗಿ ಬರೀ ಉಸಿರು ಉಳಿಯುತ್ತದೆ. ಇನ್ನೊಂದು ತೊಂದರೆ, 'ಪಂಡ್‌ದ್', 'ಬತ್ತ್‌ದ್' ಎಂಬ ಮಾತುಗಳು ತಟ್ಟನೆ ಕಡಿದು ನಿಲ್ಲುತ್ತವೆ. ಕನ್ನಡದ ಮಾತು ಪೂರ್ತಿ ಸ್ವರದಲ್ಲಿ ಮುಗಿಯುವುದರಿಂದ ಎಳೆದ ಹಾಗೆ ಕೇಳುತ್ತದೆ.

ನಾನು ಮೊದಲು ಸದ್ದು ತೆಗೆದು ಬರೀ ಚಿತ್ರ ನೋಡುತ್ತೇನೆ. ತುಟಿ ಎಲ್ಲಿ ಮುಚ್ಚುತ್ತದೆ, ಎಲ್ಲಿ ಮುಖ ದೂರ ಇದೆ ಎಂದು ಗುರುತು ಹಾಕುತ್ತೇನೆ. ಇಲ್ಲಿ ಮೊದಲ ತುಂಡು ದೂರದ ಶಾಟ್, ಅಲ್ಲಿ 'ಹೇಳಿ' ನಡೆಯುತ್ತದೆ. ಎರಡನೆಯದಕ್ಕೆ ಮುಖ ಪರದೆ ತುಂಬ ಇದೆ. ಅಲ್ಲಿ ಬ, ಪ ಅಥವಾ ಮ ಬೇಕೇ ಬೇಕು. ಹುಡುಕಿ ಸಿಕ್ಕಿದ್ದು 'ಬಂದ್ಮೇಲೇ ಮಾತು'. 'ಬತ್ತ್‌ದ್' ಶುರುವಾಗುವಲ್ಲಿ ಬ, 'ಪನ್ಪೆ' ಶುರುವಾಗುವಲ್ಲಿ ಮ ಕೂರುತ್ತದೆ. ಕೊನೆಯ 'ಪೆ'ಗೆ ತುಟಿ ಮುಚ್ಚುವ ಅಕ್ಷರ ಇಲ್ಲ, ಅದನ್ನು ಬಿಟ್ಟೆ. ನೋಡುವವರ ಕಣ್ಣು ಮಾತು ಶುರುವಾಗುವ ಜಾಗವನ್ನು ಹಿಡಿದಷ್ಟು ಕೊನೆಯನ್ನು ಹಿಡಿಯುವುದಿಲ್ಲ. 'ಮಾತು' ಅನ್ನುವಾಗ ಕೊನೆಯ ಉಕಾರ ನುಂಗಿ ಎಂದು ದನಿ ಕೊಡುವವರಿಗೆ ಹೇಳಿದೆ. ತುಳುವಿನ ಆ ಕಡಿತ ಹಾಗೆ ವಾಪಸ್ ಬಂತು. 'ನಾನು' ಎಂಬುದನ್ನು ಪೂರ್ತಿ ತೆಗೆದೆ. ಕನ್ನಡದಲ್ಲಿ ಅದಿಲ್ಲದೆಯೇ ಗತ್ತು ಜಾಸ್ತಿ.

ನಿರ್ದೇಶಕರಿಗೆ 'ಹೇಳಿ ಬರೋನಲ್ಲ' ಬೇಕಿತ್ತು. ಆ ಒಂದು ಜಾಗದಲ್ಲಿ ಅದು ನಿಜಕ್ಕೂ ಚೆನ್ನಾಗಿಯೇ ಇದೆ. ಆದರೆ ಇಂಥ ಮಾತು ಸಿನಿಮಾದಲ್ಲಿ ಎಲ್ಲೆಲ್ಲಿ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆ ಎಂದು ಮೊದಲೇ ಪಟ್ಟಿ ಮಾಡುವುದು ನನ್ನ ಕ್ರಮ. ಕ್ಲೈಮ್ಯಾಕ್ಸ್‌ನಲ್ಲಿ ಅವನ ತಂಗಿ ಅದೇ ಚಾವಡಿಗೆ ಬಂದು ಅದೇ ಸಾಲು ಹೇಳುತ್ತಾಳೆ. 'ಬರ್ಪುಜಿ' ಗಂಡಸು ಹೇಳಿದರೂ ಹೆಂಗಸು ಹೇಳಿದರೂ ಒಂದೇ. 'ಬರೋನಲ್ಲ' ಹಾಗಲ್ಲ, ಅವಳ ಬಾಯಲ್ಲಿ ಅದು 'ಬರೋಳಲ್ಲ' ಆಗಬೇಕು. ಆಗ ಅದು ಅಣ್ಣನ ಮಾತು ಎಂದು ಜನರಿಗೆ ಹೊಳೆಯುವುದು ಒಂದು ಕ್ಷಣ ತಡವಾಗುತ್ತದೆ. ಸೀಟಿ ಬೀಳಬೇಕಾದದ್ದು ಆ ಕ್ಷಣದಲ್ಲೇ ಅಲ್ವಾ? ಹಾಗಾಗಿ 'ಬರಲ್ಲ' ಉಳಿಯಿತು.

'ಹೇಳಿ ಬರಲ್ಲ. ಬಂದ್ಮೇಲೇ ಮಾತು.'

ಮೂಲದಲ್ಲಿ ಹೇಳುವುದು–ಬರುವುದು ತಿರುವುಮುರುವಾಗುವ ಆಟ ಇತ್ತು. ಅದರಲ್ಲಿ ಅರ್ಧ ಹೋಯಿತು. 'ಬರಲ್ಲ', 'ಬಂದ್ಮೇಲೇ' ಎದುರುಬದುರಾಗಿ ನಿಂತದ್ದರಿಂದ ಇನ್ನರ್ಧ ಉಳಿಯಿತು. ನಡುವಿನ ಮೌನಕ್ಕೆ 'ಗೊತ್ತಾಯ್ತಾ' ಎಂದು ಸೇರಿಸುವ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. ಬೈರಾಸು ಕೊಡವುವಷ್ಟು ಹೊತ್ತು ಎದುರಿನವನು ಕಾಯಬೇಕು, ಗತ್ತು ಇರುವುದೇ ಅಲ್ಲಿ.

ಅದಕ್ಕೂ ಮುಂಚೆ ಹುಡುಗ ಧಣಿಗೆ 'ಕುಲ್ಲುಲೆ' ಅನ್ನುತ್ತಾನೆ, ಬಹುವಚನದಲ್ಲಿ. ಕನ್ನಡದಲ್ಲಿ 'ಕೂತ್ಕೊಳ್ಳೋ ಲೇ' ಮಾಡಿದರೆ ಖಾರ ಬರುತ್ತದೆ ಎಂದು ಕೆಲವರು ಅಂದರು. ಹಾಗೆ ಮಾಡಿದರೆ ಅವನು ಬರೀ ಜಗಳಗಂಟ ಆಗುತ್ತಾನೆ. ಧಣಿಯದೇ ಚಾವಡಿಯಲ್ಲಿ ಧಣಿಗೇ ಮರ್ಯಾದೆ ಕೊಟ್ಟು 'ಕೂತ್ಕೊಳ್ಳಿ' ಅಂದಾಗ ಮನೆ ಯಾರದು ಎಂಬುದೇ ಅದಲುಬದಲಾಗುತ್ತದೆ. ಆ 'ಳ್ಳಿ'ಯನ್ನು ನಾನು ಬಿಟ್ಟುಕೊಡಲಿಲ್ಲ.

ಊರಿನ ಕನ್ನಡದಲ್ಲಿ 'ಬರುದಿಲ್ಲ' ಎಂದೂ ಬರೆದು ನೋಡಿದ್ದೆ. ನಮಗೆ ಅದು ಸಹಜ. ಆದರೆ ಸಿನಿಮಾಗಳಲ್ಲಿ ಮಂಗಳೂರು ಕನ್ನಡ ಎಷ್ಟೋ ಸಲ ಕಾಮಿಡಿ ಪಾತ್ರಕ್ಕೇ ಸಿಕ್ಕಿದೆ. ಹಾಗಾಗಿ ಘಟ್ಟದ ಮೇಲಿನವರು ಅದನ್ನು ಕೇಳಿದರೆ ನಗಲು ತಯಾರಾಗುತ್ತಾರೆ. ಉಳಿದ ದೃಶ್ಯಗಳಲ್ಲಿ 'ಮಾರಾಯ', 'ಎಂತ' ಧಾರಾಳವಾಗಿ ಇಟ್ಟೆ. ಪಂಚ್‌ನಲ್ಲಿ ಮಾತ್ರ ಇಡಲಿಲ್ಲ.

ಬರೆದಾದ ಮೇಲೆ ಹಾಸನ, ಶಿವಮೊಗ್ಗ ಕಡೆಯಿಂದ ಇಲ್ಲಿಗೆ ಓದಲು ಬಂದ ಹುಡುಗರಿಗೆ ಒಂದು ಸಲ ಹೇಳುತ್ತೇನೆ. ಹೇಗಿದೆ ಎಂದು ಕೇಳುವುದಿಲ್ಲ, ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ. ಬೇರೆ ಮಾತಾಡಿ, ಚಹಾ ಕುಡಿದು, ಆಮೇಲೆ ಆ ಸಾಲು ಏನಿತ್ತು ಎಂದು ಕೇಳುತ್ತೇನೆ. ಅಕ್ಷರ ಬದಲಾಗದೆ ಬಂದರೆ ಸರಿ. ಅವರು ಎಡವಿದ ಜಾಗವನ್ನೇ ಮತ್ತೆ ತಿದ್ದುತ್ತೇನೆ. 'ಮೇಲೆ' ಇದ್ದದ್ದು 'ಮೇಲೇ' ಆದದ್ದು ಹಾಗೆ. ಹುಡುಗರು ತಾವಾಗಿಯೇ ಅಲ್ಲಿ ಒತ್ತಿ ಹೇಳಿದ್ದರು.